ರಬ್ಬರ್ ಬ್ಯಾಂಡ್, ಇಂಜೆಕ್ಷನ್, ಆಪರೇಷನ್: ಪೈಲ್ಸ್‌ನ ಯಾವ ಗ್ರೇಡ್‌ಗೆ ಯಾವುದು?

ಓಪಿಡಿ ಚೀಟಿಯ ಮೇಲೆ ಡಾಕ್ಟ್ರು ಬರೆದಿರುವುದು ಇಷ್ಟೇ: ‘ಪೈಲ್ಸ್, ಗ್ರೇಡ್ 2’. ಅದನ್ನು ಹಿಡಿದುಕೊಂಡು ಮೂರು ಕಡೆ ವಿಚಾರಿಸಿ ನೋಡಿ. ಒಬ್ಬರು ‘ರಬ್ಬರ್ ಬ್ಯಾಂಡ್ ಹಾಕಿದ್ರೆ ಸಾಕು’ ಅಂತಾರೆ. ಇನ್ನೊಬ್ಬರು ‘ಒಂದು ಇಂಜೆಕ್ಷನ್ ಕೊಟ್ಟು ನೋಡೋಣ’ ಅಂತಾರೆ. ಮೂರನೆಯವರು ‘ಅಡ್ಮಿಟ್ ಆಗಿ, ತೆಗೆದೇಬಿಡೋಣ’ ಅಂತಾರೆ. ಮೂರು ಅಭಿಪ್ರಾಯ ಕೇಳಿ ಬಂದವರು ಕೊನೆಗೆ ಯಾವುದನ್ನೂ ಮಾಡಿಸದೆ ಇನ್ನೊಂದು ವರ್ಷ ರಕ್ತ ಕಳೆದುಕೊಂಡು ಕೂರುತ್ತಾರೆ.

ಈ ಮೂರೂ ಚಿಕಿತ್ಸೆಗಳ ನಡುವೆ ಇರುವುದು ಒಂದು ಕೊಡು-ಕೊಳ್ಳು ಲೆಕ್ಕ. ಕಡಿಮೆ ನೋವಿನದನ್ನು ಆರಿಸಿದರೆ ಪೈಲ್ಸ್ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಮತ್ತೆ ಬರುವುದು ಕಡಿಮೆ ಇರಲಿ ಅಂದರೆ ನೋವು, ರಜೆ ಎರಡೂ ಜಾಸ್ತಿ. ಈ ತಕ್ಕಡಿ ಯಾವ ಕಡೆ ವಾಲಬೇಕು ಅನ್ನೋದನ್ನು ಬಹುಮಟ್ಟಿಗೆ ಹೇಳುವುದು ಗ್ರೇಡ್. ಗ್ರೇಡ್ 1 ಮತ್ತು 4ರಲ್ಲಿ ತೀರ್ಮಾನ ಸುಲಭ. ಗೊಂದಲ ಇರುವುದು ನಡುವಿನ 2 ಮತ್ತು 3ರಲ್ಲಿ. ನಮ್ಮ ವಯಸ್ಸಿನ ಹೆಚ್ಚಿನವರು ಡಾಕ್ಟರ ಹತ್ತಿರ ಹೋಗುವುದೂ ಈ ಹಂತದಲ್ಲೇ.

ಗ್ರೇಡ್ ಅಳೆಯುವುದು ರಕ್ತವನ್ನಲ್ಲ

ಪೈಲ್ಸ್ ಅಂದರೆ ಹೊಸದಾಗಿ ಬೆಳೆದ ಗಡ್ಡೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಗುದದ್ವಾರದ ಒಳಗೆ ರಕ್ತನಾಳಗಳಿಂದ ತುಂಬಿದ ಮೂರು ಮೆತ್ತನೆಯ ದಿಂಬುಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಅಂಗಾತ ಮಲಗಿದವರ ಗುದದ್ವಾರವನ್ನು ಗಡಿಯಾರದ ಮುಖ ಅಂದುಕೊಂಡರೆ, ಅವು ಸಾಮಾನ್ಯವಾಗಿ 3, 7 ಮತ್ತು 11 ಗಂಟೆಯ ಜಾಗದಲ್ಲಿರುತ್ತವೆ. ಗಾಳಿ, ನೀರು ಸೋರದಂತೆ ಬಾಗಿಲು ಬಿಗಿಯಾಗಿ ಮುಚ್ಚಲು ಅವು ನೆರವಾಗುತ್ತವೆ. ವರ್ಷಗಟ್ಟಲೆ ಮುಕ್ಕರಿದಾಗ ಇವನ್ನು ಹಿಡಿದಿಟ್ಟ ಅಂಗಾಂಶ ಸಡಿಲವಾಗುತ್ತದೆ. ದಿಂಬು ಊದಿಕೊಂಡು ಕೆಳಗೆ ಜಾರುತ್ತದೆ. ಆಗ ಅದಕ್ಕೆ ಪೈಲ್ಸ್ ಅಥವಾ ಮೂಲವ್ಯಾಧಿ ಅಂತ ಹೆಸರು.

ಗ್ರೇಡ್ ಹೇಳುವುದು ಈ ಜಾರುವಿಕೆಯನ್ನು. ರಕ್ತ ಬರುತ್ತದೆ, ಆದರೆ ಏನೂ ಹೊರಗೆ ಬರುವುದಿಲ್ಲ ಅಂದರೆ ಗ್ರೇಡ್ 1. ಮುಕ್ಕರಿದಾಗ ಹೊರಗೆ ಬಂದು, ಎದ್ದ ಮೇಲೆ ತಾನಾಗಿಯೇ ಒಳಗೆ ಹೋದರೆ ಗ್ರೇಡ್ 2. ಬೆರಳಿನಿಂದ ಒಳಗೆ ತಳ್ಳಬೇಕಾಗಿ ಬಂದರೆ ಗ್ರೇಡ್ 3. ತಳ್ಳಿದರೂ ಒಳಗೆ ಹೋಗದೆ ಸದಾ ಹೊರಗೇ ಇದ್ದರೆ ಗ್ರೇಡ್ 4.

ಗಮನಿಸಿ, ಇದರಲ್ಲಿ ರಕ್ತದ ಪ್ರಮಾಣದ ಮಾತೇ ಇಲ್ಲ. ಗ್ರೇಡ್ 1 ಇರುವವರಿಗೆ ದಿನಾ ರಕ್ತ ಹೋಗಿ ಹಿಮೋಗ್ಲೋಬಿನ್ ಕುಸಿದಿರಬಹುದು. ಗ್ರೇಡ್ 3 ಇರುವವರಿಗೆ ಒಂದು ಹನಿಯೂ ಬರದಿರಬಹುದು. ಹಾಗಾಗಿ ‘ಗ್ರೇಡ್ 1 ತಾನೆ, ಬಿಡಿ’ ಅಂತ ಕೂರುವುದೂ ಸರಿಯಲ್ಲ, ‘ಗ್ರೇಡ್ 3 ಅಂತೆ, ಕೂಡಲೇ ಆಪರೇಷನ್’ ಅಂತ ಗಾಬರಿಯಾಗುವುದೂ ಸರಿಯಲ್ಲ. ಮೂರು ದಿಂಬುಗಳಿಗೂ ಒಂದೇ ಗ್ರೇಡ್ ಇರಬೇಕು ಅಂತಲೂ ಇಲ್ಲ.

ನೋವಿನ ಗೆರೆ

ಮೂರೂ ಚಿಕಿತ್ಸೆಗಳನ್ನು ಅರ್ಥ ಮಾಡಿಕೊಳ್ಳಲು ದೇಹರಚನೆಯ ಒಂದೇ ಒಂದು ಸಂಗತಿ ಗೊತ್ತಿದ್ದರೆ ಸಾಕು. ಗುದನಾಳದ ಒಳಗೆ, ಹೊರಬಾಯಿಯಿಂದ ಸುಮಾರು 2 ಸೆಂಟಿಮೀಟರ್ ಮೇಲೆ, ಹಲ್ಲುಸಾಲಿನಂತೆ ಅಂಕುಡೊಂಕಾದ ಒಂದು ಗೆರೆ ಇದೆ. ಡೆಂಟೇಟ್ ಲೈನ್ ಅಂತಾರೆ. ಈ ಗೆರೆಯ ಕೆಳಗಿನ ಚರ್ಮಕ್ಕೆ ಬೆರಳ ತುದಿಯಷ್ಟೇ ಸೂಕ್ಷ್ಮ ಸ್ಪರ್ಶಜ್ಞಾನವಿದೆ. ಸೂಜಿ ತಗುಲಿದರೂ ಪ್ರಾಣ ಹೋಗುವಷ್ಟು ನೋವು. ಗೆರೆಯ ಮೇಲಿನ ಪದರಕ್ಕೆ ಒತ್ತಡ, ಭಾರ ಗೊತ್ತಾಗುತ್ತದೆ. ಆದರೆ ಕತ್ತರಿಸಿದ, ಚುಚ್ಚಿದ ನೋವು ಗೊತ್ತಾಗುವುದಿಲ್ಲ.

ಒಳ ಪೈಲ್ಸ್ ಹುಟ್ಟುವುದು ಈ ಗೆರೆಯ ಮೇಲೆ. ಅದಕ್ಕೇ ಗ್ರೇಡ್ 1, 2ರಲ್ಲಿ ರಕ್ತ ಬಂದರೂ ನೋವು ಇರುವುದಿಲ್ಲ. ಟಾಯ್ಲೆಟ್‌ನಲ್ಲಿ ಗಾಜಿನ ಚೂರು ಹೊರಬಂದಂಥ ನೋವು ಆದರೆ ಅದು ಹೆಚ್ಚಾಗಿ ಫಿಶರ್, ಅಂದರೆ ಚರ್ಮದ ಸೀಳು. ಅದಕ್ಕೆ ಚಿಕಿತ್ಸೆಯೇ ಬೇರೆ. ಇದ್ದಕ್ಕಿದ್ದಂತೆ ಹೊರಗೆ ನೀಲಿ ಗೋಲಿಯಂಥ ಗಂಟು ಎದ್ದು ಕೂರಲಿಕ್ಕೂ ಆಗದಂತೆ ನೋವಾದರೆ, ಅದು ಹೊರಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು. ಇವೆರಡಕ್ಕೂ ಬ್ಯಾಂಡ್ ಹಾಕುವಂತಿಲ್ಲ.

ಬ್ಯಾಂಡ್ ಮತ್ತು ಇಂಜೆಕ್ಷನ್ ಎರಡೂ ಗೆರೆಯ ಮೇಲೆ ನಡೆಯುವ ಕೆಲಸ. ಆದ್ದರಿಂದ ಅರಿವಳಿಕೆ ಬೇಡ, ಓಪಿಡಿಯಲ್ಲೇ ಮುಗಿಯುತ್ತದೆ. ಆಪರೇಷನ್ ಗೆರೆಯನ್ನು ದಾಟಿ ಕೆಳಗಿನ ಚರ್ಮಕ್ಕೂ ಬರುತ್ತದೆ. ಅದರ ನೋವಿಗೆ ಮುಖ್ಯ ಕಾರಣ ಅಲ್ಲಿದೆ.

ಇಂಜೆಕ್ಷನ್: ರಕ್ತ ನಿಲ್ಲಿಸುವ ಕೆಲಸ

ಸ್ಕ್ಲೆರೋಥೆರಪಿ ಅಂದರೆ ಪೈಲ್ಸ್‌ನ ಬುಡದಲ್ಲಿ, ಒಳಪದರದ ಅಡಿಗೆ, ಉರಿಯೂತ ತರುವ ಔಷಧಿಯನ್ನು ಚುಚ್ಚುವುದು. ಹಳೆಯ ಪದ್ಧತಿಯಲ್ಲಿ ಬಾದಾಮಿ ಎಣ್ಣೆಯಲ್ಲಿ ಬೆರೆಸಿದ 5% ಫೀನಾಲ್ ಬಳಸುತ್ತಾರೆ. ಒಂದೊಂದು ದಿಂಬಿಗೆ 3ರಿಂದ 5 ಮಿಲಿ ಲೀಟರ್. ಈಗ ಪಾಲಿಡೋಕನಾಲ್ ಎಂಬ ಔಷಧಿಯೂ ಬಳಕೆಯಲ್ಲಿದೆ, ಅದರ ಪ್ರಮಾಣ ಇನ್ನೂ ಕಡಿಮೆ. ಚುಚ್ಚಿದ ಜಾಗದಲ್ಲಿ ಮುಂದಿನ ವಾರಗಳಲ್ಲಿ ನಾರುಗಟ್ಟಿ, ರಕ್ತನಾಳ ಕುಗ್ಗಿ, ಸಡಿಲವಾದ ಪದರ ಕೆಳಗಿನ ಸ್ನಾಯುವಿಗೆ ಅಂಟಿಕೊಳ್ಳುತ್ತದೆ.

ಇದು ಗ್ರೇಡ್ 1ಕ್ಕೆ ಮತ್ತು ಚಿಕ್ಕ ಗ್ರೇಡ್ 2ಕ್ಕೆ ಒಗ್ಗುತ್ತದೆ. ಹಿಡಿದು ಎಳೆದು ಬ್ಯಾಂಡ್ ಹಾಕುವಷ್ಟು ಅಂಗಾಂಶವೇ ಇಲ್ಲದ, ಆದರೆ ರಕ್ತ ಮಾತ್ರ ನಿಲ್ಲದ ಪೈಲ್ಸ್‌ಗೆ ಇದು ಒಳ್ಳೆಯ ದಾರಿ. ಇನ್ನೊಂದು ಗುಂಪು ಅಂದರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ನಿಮ್ಮ ಅಪ್ಪನಿಗೆ ಕ್ಲೋಪಿಡೋಗ್ರೆಲ್ ನಡೆಯುತ್ತಿದೆ ಅಂದುಕೊಳ್ಳಿ. ಬ್ಯಾಂಡ್ ಹಾಕಿದರೆ ವಾರದ ನಂತರ ಅದು ಉದುರುವಾಗ ಹುಣ್ಣು ತೆರೆದುಕೊಂಡು ಜೋರು ರಕ್ತಸ್ರಾವ ಆಗಬಹುದು. ಇಂಜೆಕ್ಷನ್‌ನಲ್ಲಿ ಏನೂ ಕಳಚಿ ಬೀಳುವುದಿಲ್ಲ. ಹಾಗಾಗಿ ಇಂಥವರಿಗೆ ಸರ್ಜನ್‌ಗಳು ಇಂಜೆಕ್ಷನ್‌ನತ್ತ ಒಲಿಯುತ್ತಾರೆ. ಮಾತ್ರೆಯನ್ನು ಮಾತ್ರ ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು.

ಇದರ ಮಿತಿಯೂ ಸ್ಪಷ್ಟ. ರಕ್ತ ಬೇಗ ನಿಲ್ಲುತ್ತದೆ, ಆದರೆ ಪರಿಣಾಮ ಬಹಳ ಕಾಲ ಉಳಿಯುವುದಿಲ್ಲ. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಬ್ಯಾಂಡ್ ಹಾಕಿಸಿಕೊಂಡವರಿಗಿಂತ ಇಂಜೆಕ್ಷನ್ ಪಡೆದವರೇ ಹೆಚ್ಚಾಗಿ ಮತ್ತೆ ಚಿಕಿತ್ಸೆಗೆ ಬಂದಿದ್ದಾರೆ. ಹೊರಗೆ ಜಾರುವ ದೊಡ್ಡ ಪೈಲ್ಸ್‌ಗೆ ಇದರಿಂದ ಪ್ರಯೋಜನ ಕಡಿಮೆ.

ತಪ್ಪು ಆಗುವುದು ಸೂಜಿಯ ಆಳದಲ್ಲಿ. ಮೇಲೆ ಮೇಲೆ ಚುಚ್ಚಿದರೆ ಪದರ ಸತ್ತು ಹುಣ್ಣಾಗುತ್ತದೆ. ಆಳಕ್ಕೆ ಹೋದರೆ, ಗಂಡಸರಲ್ಲಿ ಮುಂಭಾಗದಲ್ಲೇ ಇರುವ ಪ್ರೊಸ್ಟೇಟ್ ಗ್ರಂಥಿಗೆ ಔಷಧಿ ಸೇರಬಹುದು. ಚುಚ್ಚಿದಾಗಲೇ ಕಿಬ್ಬೊಟ್ಟೆಯಲ್ಲೋ ಶಿಶ್ನದ ತುದಿಯಲ್ಲೋ ನೋವು ಕಂಡರೆ ತಕ್ಷಣ ಹೇಳಬೇಕು, ಡಾಕ್ಟ್ರು ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ಮೂತ್ರದಲ್ಲಿ ರಕ್ತ, ಜ್ವರ ಕಂಡರೂ ಅದೇ ದಿನ ತೋರಿಸಬೇಕು. ಬಾದಾಮಿ, ಶೇಂಗಾ ಥರದ ಬೀಜಗಳ ಅಲರ್ಜಿ ಇದ್ದರೆ ಅದನ್ನೂ ಮೊದಲೇ ಹೇಳಿ, ಔಷಧಿ ಬೆರೆಸಿರುವುದೇ ಬಾದಾಮಿ ಎಣ್ಣೆಯಲ್ಲಿ ಇರಬಹುದು.

‘ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್‌ನಲ್ಲಿ ಮೂಲವ್ಯಾಧಿ ಗುಣ’ ಎಂಬ ಬೋರ್ಡುಗಳನ್ನು ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ನೋಡಿರುತ್ತೀರಿ. ಈ ವ್ಯಾಪಾರ ಹಳೆಯದು. 1871ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮಿಚೆಲ್ ಎಂಬಾತ ಕಾರ್ಬಾಲಿಕ್ ಆಮ್ಲದ ಇಂಜೆಕ್ಷನ್ ಶುರುಮಾಡಿ, ಅದರ ಗುಟ್ಟನ್ನು ಊರೂರು ಅಲೆಯುವ ನಕಲಿ ವೈದ್ಯರಿಗೆ ಮಾರಿದ. ಕಾರ್ಬಾಲಿಕ್ ಆಮ್ಲ ಅಂದರೆ ಇದೇ ಫೀನಾಲ್. ತರಬೇತಿ ಪಡೆದ ಕೈಯಲ್ಲಿ ಅದು ಚಿಕಿತ್ಸೆ. ಪ್ರಾಕ್ಟೊಸ್ಕೋಪ್ ಇಟ್ಟು ಒಳಗೆ ನೋಡದೆ, ಹೊರಗೆ ಕಂಡ ಗಡ್ಡೆಗೇ ಸೂಜಿ ಚುಚ್ಚುವವರ ಕೈಯಲ್ಲಿ ಅದು ಬರೀ ಸುಡುವ ದ್ರವ.

ಬ್ಯಾಂಡ್: ಗೆಳೆಯನೊಬ್ಬನ ಲೆಕ್ಕ

1963ರಲ್ಲಿ ಬ್ಯಾರನ್ ಎಂಬ ಅಮೆರಿಕದ ಸರ್ಜನ್ ಜನಪ್ರಿಯಗೊಳಿಸಿದ ವಿಧಾನ ಇದು. ತತ್ವ ಸರಳ. ಪೈಲ್ಸ್‌ನ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ಹಾಕಿದರೆ ರಕ್ತಸಂಚಾರ ನಿಂತು, ಆ ಭಾಗ ಒಣಗಿ, 5ರಿಂದ 10 ದಿನಗಳಲ್ಲಿ ಉಂಗುರದ ಸಮೇತ ಉದುರುತ್ತದೆ. ಅಲ್ಲಿ ಆಗುವ ಚಿಕ್ಕ ಹುಣ್ಣು ಮಾಯುತ್ತಾ ಉಳಿದ ಪದರವನ್ನು ಮೇಲಕ್ಕೆ ಹಿಡಿದಿಡುತ್ತದೆ.

ನನ್ನ ಗೆಳೆಯನೊಬ್ಬನ ಕತೆಯನ್ನು ಅವನ ಒಪ್ಪಿಗೆ ಪಡೆದೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸ, ವಯಸ್ಸು 33. ಎರಡು ವರ್ಷದಿಂದ ರಕ್ತ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.2. ಗಂಡಸರಿಗೆ 13ರ ಮೇಲಿರಬೇಕು. ಇಷ್ಟು ಇಳಿದಿರುವಾಗ ರಕ್ತ ಪೈಲ್ಸ್‌ನಿಂದಲೇ ಹೋಗುತ್ತಿದೆ ಅಂತ ಊಹಿಸಿ ಕೂರಬಾರದು ಎಂದು ಸರ್ಜನ್ ಮೊದಲು ಕೊಲೊನೋಸ್ಕೋಪಿ ಮಾಡಿಸಿದರು. ಕರುಳು ಚೆನ್ನಾಗಿತ್ತು. ಪ್ರಾಕ್ಟೊಸ್ಕೋಪ್‌ನಲ್ಲಿ 3 ಮತ್ತು 11 ಗಂಟೆಯ ಪೈಲ್ಸ್ ಗ್ರೇಡ್ 2, 7 ಗಂಟೆಯದು ಬೆರಳಿನಿಂದ ತಳ್ಳಬೇಕಾದ ಗ್ರೇಡ್ 3. ಹೊರಗೆ ಜೋತುಬಿದ್ದ ಚರ್ಮ ಇರಲಿಲ್ಲ.

‘ಗ್ರೇಡ್ 3 ಇದೆಯಲ್ಲ ಸರ್, ಆಪರೇಷನ್ ಬೇಡ್ವಾ?’ ಅಂತ ಇವನು ಕೇಳಿದ. ‘ಬ್ಯಾಂಡ್ ಹಿಡಿಯುವ ಸೈಜ್‌ನಲ್ಲಿದೆ. ಮೊದಲು ಇದನ್ನ ನೋಡೋಣ. ಆದ್ರೆ ಒಂದೇ ಸಲಕ್ಕೆ ಮುಗಿಯತ್ತೆ ಅಂತ ನಾನು ಮಾತು ಕೊಡಲ್ಲ’ ಅಂದರು ಅವರು.

ಗುರುವಾರ ಸಂಜೆ ಎಡಮಗ್ಗುಲಿಗೆ ಮಲಗಿ, ಮಂಡಿ ಎದೆಯ ಕಡೆ ಮಡಚಿ, ಹತ್ತು ನಿಮಿಷದಲ್ಲಿ ಮೊದಲ ಸುತ್ತು ಮುಗಿಯಿತು. ಪ್ರಾಕ್ಟೊಸ್ಕೋಪ್ ಮೂಲಕ ಸಕ್ಷನ್ ಇರುವ ಪುಟ್ಟ ಕೊಳವೆ ಒಳಗೆ ಹೋಗುತ್ತದೆ. ಅದು ಪೈಲ್ಸ್‌ನ ಮೇಲ್ಭಾಗವನ್ನು ಎಳೆದುಕೊಳ್ಳುತ್ತದೆ. ಉಂಗುರವನ್ನು ಬಿಡುವ ಮುಂಚೆ ಡಾಕ್ಟ್ರು ಒಂದು ಕ್ಷಣ ನಿಂತು ಕೇಳಿದರಂತೆ: ‘ಭಾರ ಅನ್ಸತ್ತೆ, ಪರವಾಗಿಲ್ಲ. ಚುಚ್ಚಿದ ಹಾಗೆ ನೋವಾದ್ರೆ ಈಗ್ಲೇ ಹೇಳಿ.’ ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯ ಪ್ರಶ್ನೆ ಇದು. ಚುಚ್ಚುವ ನೋವು ಬಂತು ಅಂದರೆ ಕೊಳವೆ ನೋವಿನ ಗೆರೆಗೆ ಹತ್ತಿರವಿದೆ ಅಂತ ಅರ್ಥ. ಆಗ ಇನ್ನಷ್ಟು ಮೇಲೆ ಹಿಡಿಯಬೇಕು. ‘ತಡ್ಕೊಳ್ತೀನಿ ಸರ್’ ಅಂತ ಇಲ್ಲಿ ಶೂರತನ ತೋರಿಸಬೇಡಿ. ಗೆರೆಯ ಮೇಲೆ ಬಿಗಿದ ಉಂಗುರ ಕಡಿಮೆಯಾಗದ ನೋವು ಕೊಡುತ್ತದೆ, ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ.

ಅವತ್ತು 7 ಮತ್ತು 11 ಗಂಟೆಯ ಜಾಗಕ್ಕೆ ಎರಡು ಉಂಗುರ ಹಾಕಿದರು. ಒಂದೇ ಸಲ ಮೂರನ್ನೂ ಹಾಕುವವರಿದ್ದಾರೆ, ಆದರೆ ಉಂಗುರ ಹೆಚ್ಚಿದಷ್ಟೂ ಆಮೇಲಿನ ಇರಿಸುಮುರಿಸು ಜಾಸ್ತಿ. ಎದ್ದು ನಿಂತಾಗ ತಲೆ ತಿರುಗಿತು, ಹತ್ತು ನಿಮಿಷ ಕೂರಿಸಿ ಕಳಿಸಿದರು. ಎರಡು ದಿನ ‘ಟಾಯ್ಲೆಟ್‌ಗೆ ಹೋಗಬೇಕು’ ಅನ್ನುವ ಭಾವನೆ ಬಿಡದೆ ಕಾಡಿತು. ಒಳಗಿರುವುದು ಉಂಗುರ ಕಟ್ಟಿದ ದಿಂಬು, ಮಲವಲ್ಲ. ಅದನ್ನು ಹೊರಹಾಕಲು ಮುಕ್ಕರಿದರೆ ಉಂಗುರವೇ ಜಾರಬಹುದು. ಪ್ಯಾರಸಿಟಮಾಲ್, ರಾತ್ರಿ ಎರಡು ಚಮಚ ಇಸಬ್‌ಗೋಲ್ ಜೊತೆಗೆ ದೊಡ್ಡ ಲೋಟ ನೀರು. ಶುಕ್ರವಾರ ಒಂದು ದಿನ ರಜೆ ಹಾಕಿ, ಸೋಮವಾರ ಲ್ಯಾಪ್‌ಟಾಪ್ ಮುಂದೆ ಕೂತ.

ಎಂಟನೆಯ ದಿನ ಒಂದೆರಡು ಚಮಚದಷ್ಟು ರಕ್ತ ಬಂತು. ಅದು ಉಂಗುರ ಉದುರಿದ ಲಕ್ಷಣ, ಡಾಕ್ಟ್ರು ಮೊದಲೇ ಹೇಳಿದ್ದರು. ಇದೇ ಕಾರಣಕ್ಕೆ ಮೊದಲ ಎರಡು ವಾರ ದೂರದ ಪ್ರಯಾಣ ಬೇಡ ಎಂದಿದ್ದರು. ಅಪರೂಪಕ್ಕೆ, ನೂರರಲ್ಲಿ ಸುಮಾರು ಒಬ್ಬರಿಗೆ, 5ರಿಂದ 14ನೇ ದಿನದ ನಡುವೆ ಜೋರಾಗಿ ರಕ್ತ ಹೋಗುತ್ತದೆ. ಹೆಪ್ಪು ಹೆಪ್ಪಾಗಿ ಬಂದರೆ, ನಿಲ್ಲದಿದ್ದರೆ, ತಲೆ ಸುತ್ತಿದರೆ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಬೇಕು. ವಿಮಾನದಲ್ಲೋ ಹಂಪಿ ಟ್ರಿಪ್‌ನಲ್ಲೋ ಇರುವಾಗ ಹೀಗಾಗುವುದು ಯಾರಿಗೂ ಬೇಡ.

ಆರು ವಾರದ ನಂತರ 3 ಗಂಟೆಯ ಜಾಗಕ್ಕೆ ಮೂರನೆಯ ಉಂಗುರ. ಕಬ್ಬಿಣದ ಮಾತ್ರೆ ಜೊತೆಗೇ ನಡೆದಿತ್ತು. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 13 ದಾಟಿತು. ಆದರೆ ಕತೆ ಅಲ್ಲಿಗೇ ಮುಗಿಯಲಿಲ್ಲ. ಹದಿನಾಲ್ಕು ತಿಂಗಳ ನಂತರ 7 ಗಂಟೆಯದು, ಆ ಗ್ರೇಡ್ 3 ಇದ್ದದ್ದು, ಮತ್ತೆ ಸ್ವಲ್ಪ ಜಾರಲು ಶುರುವಾಯಿತು. ಈ ಸಲ ಗ್ರೇಡ್ 2ರಷ್ಟು. ಇನ್ನೊಂದು ಉಂಗುರ ಹಾಕಿಸಿಕೊಂಡ. ಒಟ್ಟು ಮೂರು ಭೇಟಿ, ಮೂರು ದಿನ ರಜೆ.

ಇದು ಸೋಲೋ ಗೆಲುವೋ? ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ ಗ್ರೇಡ್ 2 ಮತ್ತು 3ರ ರೋಗಿಗಳ ಮೇಲೆ ನಡೆದು, 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ‘ಹಬಲ್’ ಅಧ್ಯಯನ ಇದಕ್ಕೆ ಬೆಳಕು ಚೆಲ್ಲುತ್ತದೆ. ಅದು ಬ್ಯಾಂಡನ್ನು, ಪೈಲ್ಸ್‌ಗೆ ಹೋಗುವ ರಕ್ತನಾಳವನ್ನು ಅರಿವಳಿಕೆ ಕೊಟ್ಟು ಹೊಲಿಗೆ ಹಾಕಿ ಕಟ್ಟುವ ಆಪರೇಷನ್ ಜೊತೆ ಹೋಲಿಸಿತ್ತು. ಒಂದು ವರ್ಷದಲ್ಲಿ ಬ್ಯಾಂಡ್ ಗುಂಪಿನ 49% ಜನರಿಗೆ ತೊಂದರೆ ಮರುಕಳಿಸಿತ್ತು, ಆಪರೇಷನ್ ಗುಂಪಿನಲ್ಲಿ 30%. ಕೇಳಿದರೆ ಬ್ಯಾಂಡ್ ಸೋತಂತೆ ಕಾಣುತ್ತದೆ. ಆದರೆ ಎರಡನೇ ಬಾರಿ ಬ್ಯಾಂಡ್ ಹಾಕಿಸಿಕೊಂಡವರನ್ನು ಸೇರಿಸಿ ನೋಡಿದಾಗ ಎರಡರ ನಡುವಿನ ಅಂತರ ಬಹುಮಟ್ಟಿಗೆ ಮುಚ್ಚಿಹೋಯಿತು. ಅಂದರೆ ಬ್ಯಾಂಡನ್ನು ಒಂದು ದಿನದ ಚಿಕಿತ್ಸೆ ಅನ್ನುವುದಕ್ಕಿಂತ ಎರಡು-ಮೂರು ಕಂತಿನ ಚಿಕಿತ್ಸೆ ಅಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಬ್ಯಾಂಡ್ ಹಾಕಿಸಿಕೊಂಡವರು ನೆನಪಿಡಬೇಕಾದ ಒಂದು ಅಪಾಯವಿದೆ. ಅತಿ ವಿರಳ, ಆದರೆ ಪ್ರಾಣಕ್ಕೇ ಕುತ್ತು. ಕಡಿಮೆಯಾಗಬೇಕಾದ ನೋವು ದಿನದಿನಕ್ಕೆ ಏರುವುದು, ಜ್ವರ, ಮೂತ್ರ ಕಟ್ಟುವುದು. ಈ ಮೂರರಲ್ಲಿ ಯಾವುದು ಕಂಡರೂ ಸೋಂಕು ಒಳಗೆ ಹರಡುತ್ತಿರಬಹುದು. ನಾಳೆಯ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆ ರಾತ್ರಿಯೇ ಹೋಗಬೇಕು.

ಆಪರೇಷನ್: ನೋವು ಕೊಟ್ಟು ನೆಮ್ಮದಿ ಕೊಳ್ಳುವುದು

ಅದೇ ಗೆಳೆಯನ ಸೋದರಮಾವ ದಾವಣಗೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದಾರೆ, 58 ವರ್ಷ. ಅವರ ಪೈಲ್ಸ್ ದಿನವಿಡೀ ಹೊರಗೇ ಇರುತ್ತಿತ್ತು. ಲೋಳೆ ಸೋರಿ ಒಳಉಡುಪು ಒದ್ದೆಯಾಗುತ್ತದೆ ಅಂತ ಮದುವೆ-ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು. ಗ್ರೇಡ್ 4. ಇಲ್ಲಿ ಬ್ಯಾಂಡ್ ಆಗುವುದಿಲ್ಲ. ಹೊರಬಂದ ಭಾಗದಲ್ಲಿ ನೋವಿನ ಗೆರೆಯ ಕೆಳಗಿನ ಚರ್ಮವೂ ಸೇರಿರುತ್ತದೆ. ಅದಕ್ಕೆ ಉಂಗುರ ಬಿಗಿಯುವುದು ಅಂದರೆ ಬೆರಳಿಗೆ ಬಿಗಿದಂತೆ.

ಅವರಿಗೆ ಮಾಡಿದ್ದು ಮಿಲಿಗನ್-ಮಾರ್ಗನ್ ವಿಧಾನದ ಆಪರೇಷನ್. 1937ರಲ್ಲಿ ಲಂಡನ್ನಿನ ಇಬ್ಬರು ಸರ್ಜನ್‌ಗಳು ವಿವರಿಸಿದ ಇದು ಇವತ್ತಿಗೂ ಉಳಿದೆಲ್ಲವನ್ನೂ ಅಳೆಯುವ ಅಳತೆಗೋಲು. ಬೆನ್ನಿಗೆ ಅರಿವಳಿಕೆ ಕೊಟ್ಟು, ಮೂರೂ ಪೈಲ್ಸ್‌ಗಳನ್ನು ಕೆಳಗಿನ ಸ್ನಾಯುವಿನಿಂದ ಬಿಡಿಸಿ, ಬುಡ ಕಟ್ಟಿ, ಕತ್ತರಿಸಿ ತೆಗೆಯುತ್ತಾರೆ. ಗಾಯವನ್ನು ಹೊಲಿಯದೆ ತಾನಾಗಿ ಮಾಯಲು ಬಿಡುತ್ತಾರೆ. ಹೊಲಿಗೆ ಹಾಕಿ ಮುಚ್ಚುವ ಇನ್ನೊಂದು ವಿಧಾನವೂ ಇದೆ.

ಇಲ್ಲಿ ಸರ್ಜನ್‌ನ ಜಾಣತನ ಇರುವುದು ಏನನ್ನು ತೆಗೆಯುತ್ತಾರೆ ಎಂಬುದಕ್ಕಿಂತ ಏನನ್ನು ಬಿಡುತ್ತಾರೆ ಎಂಬುದರಲ್ಲಿ. ಮೂರು ಗಾಯಗಳ ನಡುವೆ ಆರೋಗ್ಯವಾದ ಚರ್ಮದ ಪಟ್ಟಿಗಳನ್ನು ಸೇತುವೆಯಂತೆ ಉಳಿಸಲೇಬೇಕು. ಎಲ್ಲವನ್ನೂ ‘ಕ್ಲೀನ್’ ಮಾಡಿಬಿಟ್ಟರೆ ಮಾಯುವಾಗ ಸುತ್ತಲೂ ಕಲೆಗಟ್ಟಿ ದಾರಿಯೇ ಕಿರಿದಾಗುತ್ತದೆ. ಕೆಲವು ವಾರಗಳ ನಂತರ ಮಲ ಪೆನ್ಸಿಲ್‌ನಷ್ಟು ತೆಳ್ಳಗೆ ಬರತೊಡಗಿದರೆ ಅದೇ ಅದರ ಸೂಚನೆ. ಬೇಗ ತೋರಿಸಿದರೆ ಹಿಗ್ಗಿಸಿ ಸರಿಮಾಡಬಹುದು. ಸ್ನಾಯುವಿಗೇ ಪೆಟ್ಟಾದರೆ ಗಾಳಿ, ಮಲದ ಮೇಲಿನ ಹಿಡಿತ ತಪ್ಪಬಹುದು. ಈ ಎರಡೂ ಕಡಿಮೆ ಕಾಣುವ ತೊಂದರೆಗಳು, ಆದರೆ ಬ್ಯಾಂಡ್‌ನಲ್ಲಿ ಇವುಗಳ ಭಯ ಇಲ್ಲವೆನ್ನುವಷ್ಟು ಕಡಿಮೆ.

ನೋವಿನ ವಿಷಯ ಮುಚ್ಚಿಡುವಂಥದ್ದಲ್ಲ. ಮೊದಲ ಸಲ ಮಲವಿಸರ್ಜನೆ ಮಾಡಿದ ದಿನವನ್ನು ಮಾವ ಇನ್ನೂ ಮರೆತಿಲ್ಲ. ಮೊದಲ ಒಂದೆರಡು ವಾರ ನೋವಿನ ಮಾತ್ರೆ, ಮಲ ಮೆತ್ತಗಾಗಿಸುವ ಸಿರಪ್, ದಿನಕ್ಕೆ ಎರಡು-ಮೂರು ಸಲ ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ ಕೂರುವುದು, ಇದೇ ದಿನಚರಿ. ಮೂರನೆಯ ವಾರಕ್ಕೆ ಅಂಗಡಿಗೆ ಬಂದರು. ಗಾಯ ಪೂರ್ತಿ ಮಾಯಲು ಆರು ವಾರ ಹಿಡಿಯಿತು. ಆದರೆ ಎರಡು ವರ್ಷವಾಯಿತು, ಏನೂ ಹೊರಗೆ ಬಂದಿಲ್ಲ. ‘ಇನ್ನೊಂದು ಸಲ ಮಾಡಿಸಬೇಕಾ ಅಂದ್ರೆ ಬೇಡಪ್ಪಾ. ಮಾಡಿಸಿದ್ದು ತಪ್ಪಾಯ್ತಾ ಅಂದ್ರೆ ಅದೂ ಇಲ್ಲ’ ಅಂತಾರೆ.

2005ರಲ್ಲಿ ಕಾಕ್ರೇನ್ ಸಂಸ್ಥೆ ಬ್ಯಾಂಡ್ ಮತ್ತು ಆಪರೇಷನ್ ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಗ್ರೇಡ್ 3ರಲ್ಲಿ ಆಪರೇಷನ್‌ನ ಫಲ ಹೆಚ್ಚು ಕಾಲ ಉಳಿದಿತ್ತು. ಗ್ರೇಡ್ 2ರಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನೋವು, ತೊಡಕು, ರಜೆ ಮಾತ್ರ ಆಪರೇಷನ್‌ನಲ್ಲೇ ಜಾಸ್ತಿ. ಗ್ರೇಡ್ 2ಕ್ಕೆ ನೇರವಾಗಿ ಆಪರೇಷನ್ ಅಂದರೆ ಕಾರಣ ಕೇಳಲೇಬೇಕು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಆಧಾರ ಬೇಕಿಲ್ಲ.

ಲೇಸರ್ ಮತ್ತು ಇನ್ಶೂರೆನ್ಸ್

ಈಗ ಜಾಹೀರಾತುಗಳಲ್ಲೆಲ್ಲ ಲೇಸರ್. ಪೈಲ್ಸ್‌ನ ಒಳಗೆ ಲೇಸರ್ ತಂತಿ ತೂರಿಸಿ, ಬಿಸಿಯಿಂದ ಅದನ್ನು ಕುಗ್ಗಿಸುವುದು ಇದರ ನಿಜವಾದ ರೂಪ. ಕತ್ತರಿಸುವ ಆಪರೇಷನ್‌ಗಿಂತ ನೋವು ಕಡಿಮೆ, ಗ್ರೇಡ್ 2-3ಕ್ಕೆ ಮಾಡುತ್ತಾರೆ. ಆದರೆ ಅರಿವಳಿಕೆ ಬೇಕು, ಕತ್ತರಿಸಿ ತೆಗೆದದ್ದಕ್ಕಿಂತ ಮರುಕಳಿಸುವ ಸಾಧ್ಯತೆಯೂ ಜಾಸ್ತಿ. ಹಾಗಾಗಿ ಹೋಲಿಕೆ ಮಾಡುವಾಗ ‘ಲೇಸರ್ ಒಳ್ಳೆಯದಾ, ಆಪರೇಷನ್ ಒಳ್ಳೆಯದಾ’ ಅಂತ ಮಾತ್ರ ಕೇಳಬೇಡಿ. ‘ನನ್ನ ಪೈಲ್ಸ್‌ಗೆ ಬ್ಯಾಂಡ್ ಯಾಕೆ ಆಗಲ್ಲ’ ಅಂತಲೂ ಕೇಳಿ.

ಇದನ್ನು ಹೇಳಲು ಕಾರಣವಿದೆ. ಹಲವು ಆರೋಗ್ಯ ವಿಮೆಗಳು ಅಡ್ಮಿಟ್ ಆದರೆ ಕ್ಯಾಶ್‌ಲೆಸ್ ಕೊಡುತ್ತವೆ, ಓಪಿಡಿಯಲ್ಲಿ ಮುಗಿಯುವ ಬ್ಯಾಂಡ್‌ಗೆ ಕೊಡುವುದಿಲ್ಲ. ಆಗ ಜೇಬಿನಿಂದ ಕೊಡಬೇಕಾದ ಚಿಕ್ಕ ಚಿಕಿತ್ಸೆಗಿಂತ ಕಂಪನಿ ಪಾಲಿಸಿಯಲ್ಲಿ ಬರುವ ದೊಡ್ಡ ಚಿಕಿತ್ಸೆ ‘ಫ್ರೀ’ ಅನ್ನಿಸಿಬಿಡುತ್ತದೆ. ಅರಿವಳಿಕೆ ಮತ್ತು ವಾರಗಟ್ಟಲೆ ನೋವು ಮಾತ್ರ ಪಾಲಿಸಿಯ ಲೆಕ್ಕಕ್ಕೆ ಬರುವುದಿಲ್ಲ. ಸ್ವಂತ ಪಾಲಿಸಿ ಇರುವವರು ಇನ್ನೊಂದನ್ನೂ ನೋಡಬೇಕು: ಪೈಲ್ಸ್‌ಗೆ ಸಾಮಾನ್ಯವಾಗಿ ಎರಡು ವರ್ಷದವರೆಗೆ ಕಾಯುವ ಅವಧಿ ಇರುತ್ತದೆ.

ಕೊನೆಗೆ ಹೇಗೆ ಆರಿಸುವುದು?

ಗ್ರೇಡ್ 1: ಮೊದಲು ನಾರಿನಂಶ, ನೀರು, ಟಾಯ್ಲೆಟ್‌ನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೂರದಿರುವುದು. ಇದನ್ನು ಅಲ್ಲೇ ಕೂತು ಫೋನಿನಲ್ಲಿ ಓದುತ್ತಿದ್ದರೆ ದಯವಿಟ್ಟು ಎದ್ದುಬಿಡಿ, ಉಳಿದದ್ದನ್ನು ಆಮೇಲೆ ಓದಿ. ಆರು ವಾರ ಹೀಗೆ ಮಾಡಿಯೂ ರಕ್ತ ನಿಲ್ಲದಿದ್ದರೆ ಇಂಜೆಕ್ಷನ್ ಅಥವಾ ಬ್ಯಾಂಡ್.

ಗ್ರೇಡ್ 2: ಬ್ಯಾಂಡ್. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಇಂಜೆಕ್ಷನ್ ಬಗ್ಗೆ ಕೇಳಿ.

ಗ್ರೇಡ್ 3: ಒಂದೆರಡು ಮಾತ್ರ ದೊಡ್ಡದಾಗಿದ್ದು, ಹೊರಚರ್ಮ ಸೇರಿಕೊಂಡಿರದಿದ್ದರೆ ಮೊದಲು ಬ್ಯಾಂಡ್, ಎರಡು-ಮೂರು ಕಂತಿಗೆ ಮನಸ್ಸು ಮಾಡಿಕೊಂಡು. ಮೂರೂ ದೊಡ್ಡದಾಗಿದ್ದರೆ, ಹೊರಗೂ ಚರ್ಮ ಜೋತಿದ್ದರೆ, ಅಥವಾ ಬ್ಯಾಂಡ್ ಹಾಕಿಯೂ ಪದೇಪದೇ ಬಂದರೆ ಆಪರೇಷನ್.

ಗ್ರೇಡ್ 4: ಆಪರೇಷನ್. ಮೂರು ವಾರದ ರಜೆ ಮೊದಲೇ ಹೊಂದಿಸಿಕೊಳ್ಳಿ.

ಯಾವ ಗ್ರೇಡ್ ಆದರೂ, ಮಲದ ಜೊತೆ ಬೆರೆತ ಅಥವಾ ಕಪ್ಪಾದ ರಕ್ತ, ತೂಕ ಇಳಿಯುವುದು, ಮಲವಿಸರ್ಜನೆಯ ರೀತಿ ಬದಲಾಗಿರುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿರುವುದು, ಇವುಗಳಲ್ಲಿ ಒಂದಿದ್ದರೂ ಪೈಲ್ಸ್ ಕಂಡಿತು ಅಂತ ಅಲ್ಲಿಗೇ ನಿಲ್ಲಬೇಡಿ, ಕೊಲೊನೋಸ್ಕೋಪಿ ಬಗ್ಗೆ ಕೇಳಿ. ಪೈಲ್ಸ್ ಇರುವವರಿಗೆ ಬೇರೆ ಕಾಯಿಲೆ ಇರಬಾರದು ಅಂತ ನಿಯಮವೇನಿಲ್ಲ.

ಸರ್ಜನ್ ಮುಂದೆ ಕೂತಾಗ ಮೂರು ಪ್ರಶ್ನೆ ಸಾಕು. ಯಾವ ಜಾಗದ್ದು ಯಾವ ಗ್ರೇಡ್? ಹೊರಚರ್ಮ ಸೇರಿದೆಯಾ? ಇದು ಮತ್ತೆ ಬಂದರೆ ಮುಂದಿನ ಹೆಜ್ಜೆ ಏನು? ಮೂರನೆಯದಕ್ಕೆ ‘ಮತ್ತೆ ಬರೋದೇ ಇಲ್ಲ, ಗ್ಯಾರಂಟಿ’ ಅಂತ ಉತ್ತರ ಬಂದರೆ, ಇನ್ನೊಬ್ಬ ಸರ್ಜನ್ ಹತ್ತಿರ ಕೇಳುವುದು ಒಳ್ಳೆಯದು.